ಅರ್ಜಿಗೊಂದು ವಯಸ್ಸು

ಅರ್ಜಿಯ ಮೇಲೆ ಬರೆದ ವಯಸ್ಸು ಒಂದು ಹೇಳಿಕೆ ಮಾತ್ರ. ಅದನ್ನು ಯಾರೋ ಹೇಳುತ್ತಾರೆ, ಇನ್ಯಾರೋ ಬರೆದುಕೊಳ್ಳುತ್ತಾರೆ, ಮುಂದಿನ ಕಚೇರಿಯವರು ಆ ಬರಹವನ್ನೇ ಪುರಾವೆಯೆಂದು ಒಪ್ಪಿಕೊಳ್ಳುತ್ತಾರೆ. ಹುಟ್ಟಿದ ದಿನ ಕಚೇರಿಯ ವಹಿಯಲ್ಲಿ ದಾಖಲಾಗದವರ ಬದುಕಿನಲ್ಲಿ ಈ ಸರಪಳಿಯ ಮೊದಲ ಕೊಂಡಿ ಬಾಯಿಮಾತಿನದು. ಹಾಗಾಗಿ ಪ್ರತಿ ಹೊಸ ಅರ್ಜಿಯ ಮುಂದೆ ಕುಳಿತಾಗಲೂ ಒಂದೆರಡು ವರ್ಷ ಕಡಿಮೆ ಹೇಳಿಕೊಳ್ಳಲು ದಾರಿ ಇರುತ್ತದೆ. ದಶಕಗಟ್ಟಲೆ ಹೀಗೆ ಮಾಡುತ್ತ ಬಂದವನ ಕಥೆಯನ್ನು ಅವನ ಕಾಗದಗಳಿಂದಲೇ ಓದಬಹುದು. ಇಲ್ಲಿ ಹೇಳಿರುವ ಮನುಷ್ಯ ಕಲ್ಪಿತ. ಅವನ ದಾರಿಯಲ್ಲಿ ಎದುರಾಗುವ ಕಾನೂನುಗಳು, ನಿಯಮಗಳು, ನ್ಯಾಯಾಲಯದ ತೀರ್ಪುಗಳು ನಿಜವಾದವು.

ಮೊದಲ ಕಡಿತ: ಶಾಲೆಯ ವಹಿ

ಆತ ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸರ್ವಧಾರಿ ಸಂವತ್ಸರದ ಆಷಾಢದಲ್ಲಿ ಎಂದಿಟ್ಟುಕೊಳ್ಳೋಣ. ಇಂಗ್ಲಿಷ್ ಲೆಕ್ಕದಲ್ಲಿ ಅದು 1948ರ ಜುಲೈ. ಸ್ವಾತಂತ್ರ್ಯ ಬಂದ ಮರುವರ್ಷ, ಮಳೆಗಾಲದಲ್ಲಿ ಎಂಬುದು ತಾಯಿಯ ನೆನಪು. ಮನೆಯವರಿಗೆ ಅಷ್ಟು ಸಾಕಿತ್ತು. ಜನನ ಮತ್ತು ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ನೋಂದಣಿ ನಡೆಯುತ್ತಿದ್ದರೂ ಎಷ್ಟೋ ಮಕ್ಕಳ ಹೆಸರು ಆ ವಹಿಗಳಲ್ಲಿ ಸೇರಲೇ ಇಲ್ಲ. ಈ ಹುಡುಗನದೂ ಸೇರಲಿಲ್ಲ.

1955ರ ಜೂನ್‌ನಲ್ಲಿ ಅಪ್ಪ ಅವನನ್ನು ಶಾಲೆಗೆ ಕರೆದೊಯ್ದಾಗ ಏಳು ತುಂಬಲು ತಿಂಗಳೊಪ್ಪತ್ತು ಬಾಕಿ ಇತ್ತು. ಮೇಷ್ಟರು ಹುಟ್ಟಿದ ತಾರೀಖು ಕೇಳಿದರು, ಅಪ್ಪನಿಗೆ ಗೊತ್ತಿರಲಿಲ್ಲ. ಒಂದನೇ ತರಗತಿಗೆ ಬರುವ ಮಗುವಿಗೆ ಆರು ತುಂಬಿರಬೇಕೆಂಬ ಲೆಕ್ಕ ಹಿಡಿದು ಮೇಷ್ಟರು ದಾಖಲಾತಿ ವಹಿಯಲ್ಲಿ 1-6-1949 ಎಂದು ಬರೆದರು. ಆ ತಲೆಮಾರಿನ ಅಸಂಖ್ಯಾತ ಕನ್ನಡಿಗರ ಜನ್ಮದಿನ ಜೂನ್ ಒಂದು ಆಗಿರುವುದು ಹೀಗೆಯೇ. ಶಾಲೆ ಶುರುವಾಗುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ತಾರೀಖು ಹಾಕುವುದು ಸುಲಭವಾಗಿತ್ತು.

ಹುಡುಗನ ವಯಸ್ಸಿನಿಂದ ಸುಮಾರು ಹನ್ನೊಂದು ತಿಂಗಳು ಕಳಚಿದ್ದು ಆ ದಿನ. ಇದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಆದರೆ ಆ ಒಂದು ಸಾಲಿಗೆ ಬಂದ ತೂಕ ದೊಡ್ಡದು. 1962ರಲ್ಲಿ ಏಳನೇ ತರಗತಿ ಮುಗಿಸಿದಾಗ ವರ್ಗಾವಣೆ ಪತ್ರಕ್ಕೆ ಇಳಿದದ್ದು ಅದೇ ತಾರೀಖು. ಮುಂದೆ ಓದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಅದೇ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಆ ತಾರೀಖಿನಿಂದ ಕದಲುವುದು ಬಹಳ ಕಷ್ಟ, ಏಕೆಂದರೆ ಅಂಕಪಟ್ಟಿಯನ್ನು ನೌಕರಿಯಿಂದ ಪಾಸ್‌ಪೋರ್ಟಿನವರೆಗೆ ಎಲ್ಲರೂ ಕೇಳುತ್ತಾರೆ. ಏಳನೇ ತರಗತಿಗೇ ಓದು ನಿಂತದ್ದು ಈ ಮನುಷ್ಯನನ್ನು ಆ ಕಟ್ಟಿನಿಂದ ಹೊರಗಿಟ್ಟಿತು. ಅವನ ಬಳಿ ಇದ್ದದ್ದು ಟಿ.ಸಿ. ಒಂದೇ. ಅದನ್ನು ತೋರಿಸುವುದೂ ಬಿಡುವುದೂ ಅವನ ಕೈಯಲ್ಲಿತ್ತು.

ಎರಡನೆಯ ಕಡಿತ: ಕಾರ್ಖಾನೆಯ ಕೆಲಸ

1970ರ ಏಪ್ರಿಲ್‌ನಲ್ಲಿ ಅವನು ಬೆಂಗಳೂರಿಗೆ ಬಂದು ಒಂದು ಕಾರ್ಖಾನೆಯಲ್ಲಿ ಕೆಲಸ ಕೇಳಿದ. ಅಲ್ಲಿ ತರಬೇತಿಗೆ ಇಪ್ಪತ್ತರೊಳಗಿನ ಹುಡುಗರನ್ನೇ ತೆಗೆದುಕೊಳ್ಳುತ್ತಿದ್ದರು. ಅವನಿಗೆ ನಿಜವಾಗಿ ಇಪ್ಪತ್ತೆರಡು ತುಂಬುತ್ತ ಬಂದಿತ್ತು, ಟಿ.ಸಿ. ಪ್ರಕಾರವೂ ಇಪ್ಪತ್ತು ದಾಟಿತ್ತು. ಓದಿನ ಕಾಗದ ಕಳೆದುಹೋಗಿದೆ ಎಂದು ಹೇಳಿ, ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ 10-3-1952 ಎಂಬ ತಾರೀಖು ಕೊಟ್ಟ.

ಈ ತಾರೀಖನ್ನು ಅವನು ಲೆಕ್ಕಹಾಕಿಯೇ ಆರಿಸಿಕೊಂಡಿದ್ದ. 1948ರ ಕಾರ್ಖಾನೆಗಳ ಕಾನೂನಿನಂತೆ ಹದಿನಾಲ್ಕರ ಕೆಳಗಿನವರನ್ನು ಕಾರ್ಖಾನೆಯಲ್ಲಿ ದುಡಿಸುವಂತಿರಲಿಲ್ಲ. ಹದಿನಾಲ್ಕರಿಂದ ಹದಿನೆಂಟರ ನಡುವಿನವರಿಗೆ ವೈದ್ಯರ ಅರ್ಹತಾ ಪತ್ರ ಬೇಕಿತ್ತು. ಹದಿನೆಂಟು ತುಂಬಿದವನು ವಯಸ್ಕ, ಅವನಿಗೆ ಆ ಪರೀಕ್ಷೆಯಿರಲಿಲ್ಲ. ಆ ವರ್ಷದ ಮಾರ್ಚ್‌ಗೆ ಸರಿಯಾಗಿ ಹದಿನೆಂಟು ತುಂಬುವಂತೆ ಬರೆಸಿದ್ದರಿಂದ ವೈದ್ಯರ ಮುಂದೆ ನಿಲ್ಲುವ ಪ್ರಸಂಗ ಬರಲಿಲ್ಲ, ಇಪ್ಪತ್ತರ ಮಿತಿಯೂ ದಾಟಲಿಲ್ಲ. ನಿಜದ ಜನ್ಮದಿನಕ್ಕೂ ಕಾರ್ಖಾನೆಯ ಕಡತಕ್ಕೂ ಈಗ ಸುಮಾರು ಮೂರು ವರ್ಷ ಎಂಟು ತಿಂಗಳ ಅಂತರ.

ಕಾರ್ಖಾನೆ ಅದನ್ನೇ ಭವಿಷ್ಯ ನಿಧಿಗೂ ಇಎಸ್‌ಐಗೂ ಕಳಿಸಿತು. ಆ ಕಚೇರಿಗಳು ಕಾರ್ಖಾನೆ ಕೊಟ್ಟ ತಾರೀಖನ್ನು ಬರೆದುಕೊಂಡವು. ಹೀಗೆ ಒಂದು ಪ್ರಮಾಣಪತ್ರದಿಂದ ಮೂರು ಕಡೆ 1952 ನೆಲೆಯೂರಿತು. ಮುಂದೆ ಯಾರಾದರೂ ನೋಡಿದರೆ ಮೂರು ದಾಖಲೆಗಳು ಒಂದಕ್ಕೊಂದು ಸಾಕ್ಷಿ ಹೇಳುವಂತೆ ಕಾಣುತ್ತವೆ. ಮೂರಕ್ಕೂ ಮೂಲ ಒಂದೇ, ಅದೂ ಅವನದೇ ಮಾತು. ದಾಖಲೆಗಳನ್ನು ಪರಿಶೀಲಿಸುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು: ಎಷ್ಟು ಕಾಗದಗಳಲ್ಲಿ ಒಂದೇ ತಾರೀಖಿದೆ ಎಂಬುದಕ್ಕಿಂತ ಅವುಗಳಲ್ಲಿ ಯಾವುದು ಯಾವುದರಿಂದ ಹುಟ್ಟಿದೆ ಎಂಬುದು ಮುಖ್ಯ.

ಸುಪ್ರೀಂ ಕೋರ್ಟ್ 1988ರಲ್ಲಿ ಒಂದು ಚುನಾವಣಾ ತಕರಾರಿನ ತೀರ್ಪಿನಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅಭ್ಯರ್ಥಿಗಳ ವಯಸ್ಸಿನ ಪ್ರಶ್ನೆ ಎದ್ದಿದ್ದ ಆ ಪ್ರಕರಣದಲ್ಲಿ ಶಾಲಾ ದಾಖಲೆಗಳನ್ನು ಹಾಜರುಪಡಿಸಲಾಗಿತ್ತು. ಶಾಲೆಯ ವಹಿ ಸಾಕ್ಷ್ಯವಾಗಿ ನ್ಯಾಯಾಲಯದ ಮುಂದೆ ಬರಬಹುದು. ಆದರೆ ಆ ತಾರೀಖನ್ನು ಹೇಳಿ ಬರೆಸಿದವರು ಯಾರು, ಅವರಿಗೆ ಅದು ಹೇಗೆ ಗೊತ್ತಿತ್ತು ಎಂಬುದು ಸಾಬೀತಾಗದಿದ್ದರೆ ಆ ನಮೂದಿಗೆ ಹೆಚ್ಚಿನ ಬೆಲೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ತಂದೆಯೋ ತಾಯಿಯೋ ಹೇಳಿ ಬರೆಸಿದ್ದಕ್ಕೆ ಒಂದು ತೂಕ, ಯಾರು ಹೇಳಿದರೆಂದೇ ತಿಳಿಯದ ನಮೂದಿಗೆ ಇನ್ನೊಂದು.

ವಯಸ್ಸು ಕೇಳುವ ಅರ್ಜಿಗಳು

ಮುಂದಿನ ಇಪ್ಪತ್ತೈದು ವರ್ಷ ಅವನು ತುಂಬಿದ ಅರ್ಜಿಗಳು ಬೇರೆ ಬಗೆಯವು. ಕೆಲವು ಅರ್ಜಿಗಳು ಹುಟ್ಟಿದ ತಾರೀಖು ಕೇಳುತ್ತವೆ, ಕೆಲವು ಬರೀ ವಯಸ್ಸು ಕೇಳುತ್ತವೆ. ತಾರೀಖು ಒಮ್ಮೆ ಬರೆದರೆ ನಿಂತಲ್ಲೇ ನಿಲ್ಲುತ್ತದೆ. ವಯಸ್ಸು ಮಾತ್ರ ಬರೆದ ಕಡೆ ಪ್ರತಿ ಸಲವೂ ಹೊಸದಾಗಿ ಹೇಳಬೇಕು. ಹಿಂದಿನ ಸಲ ಏನು ಹೇಳಿದ್ದೆ ಎಂದು ಎದುರಿಗಿರುವ ಗುಮಾಸ್ತರಿಗೆ ತಿಳಿಯುವುದಿಲ್ಲ. ವರ್ಷಗಳು ಹೆಚ್ಚು ಸೋರಿಹೋಗುವುದು ಇಂಥ ಅರ್ಜಿಗಳಲ್ಲಿ.

1980ರಲ್ಲಿ ಜೀವವಿಮೆಯ ಏಜೆಂಟರು ಮನೆಗೆ ಬಂದರು. ವಿಮೆಯ ಕಂತು ವಯಸ್ಸಿಗೆ ತಕ್ಕಂತೆ ಏರುತ್ತದೆ. ಅವನು ಇಪ್ಪತ್ತಾರು ಎಂದ, ಅಂದರೆ ಹುಟ್ಟಿದ ವರ್ಷ 1954. ನಿಜದ ವಯಸ್ಸು ಮೂವತ್ತೊಂದು ದಾಟಿತ್ತು. ವಿಮೆಯವರು ವಯಸ್ಸಿನ ಪುರಾವೆಗಳನ್ನು ಎರಡು ದರ್ಜೆಯಾಗಿ ನೋಡುತ್ತಾರೆ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆಗಳಂಥವು ಗಟ್ಟಿ ಪುರಾವೆಗಳು. ಜಾತಕ, ಸ್ವಂತ ಘೋಷಣೆಯಂಥವು ದುರ್ಬಲ ಪುರಾವೆಗಳು. ಅವನು ಕೊಟ್ಟದ್ದು ಘೋಷಣೆ.

ಹಲವರು ತಪ್ಪು ತಿಳಿಯುವುದು ಇಲ್ಲಿಯೇ. ವಿಮಾ ಕಾನೂನಿನ 45ನೇ ಕಲಂ ಪ್ರಕಾರ ಪಾಲಿಸಿ ಮೂರು ವರ್ಷ ದಾಟಿದ ಮೇಲೆ ಅದನ್ನು ಕಂಪನಿ ಪ್ರಶ್ನಿಸುವಂತಿಲ್ಲ. 2015ರ ತಿದ್ದುಪಡಿಗೆ ಮುಂಚೆ ಬೇರೆ ಕಾಲಮಿತಿಯಿತ್ತು. ಆದರೆ ವಯಸ್ಸನ್ನು ಅದೇ ಕಲಂ ಬೇರೆಯಾಗಿ ಇಟ್ಟಿದೆ. ವಯಸ್ಸಿನ ಪುರಾವೆಯನ್ನು ಕಂಪನಿ ಯಾವಾಗ ಬೇಕಾದರೂ ಕೇಳಬಹುದು. ಹೇಳಿದ ವಯಸ್ಸು ತಪ್ಪೆಂದು ತಿಳಿದರೆ ಪಾಲಿಸಿಯ ಷರತ್ತುಗಳನ್ನು ನಿಜದ ವಯಸ್ಸಿಗೆ ಹೊಂದಿಸಬಹುದು, ಹಾಗೆ ಹೊಂದಿಸಿದ ಮಾತ್ರಕ್ಕೆ ಪಾಲಿಸಿಯನ್ನು ಪ್ರಶ್ನಿಸಿದಂತೆ ಆಗುವುದಿಲ್ಲ. ಅಂದರೆ ಕಡಿಮೆ ಕಟ್ಟಿದ ಕಂತಿನ ಬಾಕಿ ಹಣ ಕೈಗೆ ಬರುವ ಹೊತ್ತಿನಲ್ಲಿ ಕಳೆಯಲ್ಪಡುತ್ತದೆ, ಇಲ್ಲವೇ ವಿಮೆಯ ಮೊತ್ತವೇ ಇಳಿಯುತ್ತದೆ. ಪಾಲಿಸಿದಾರನೇ ತೀರಿಕೊಂಡಿದ್ದರೆ ಈ ಲೆಕ್ಕಕ್ಕೆ ಉತ್ತರ ಹೇಳಬೇಕಾದವಳು ಅವನ ಹೆಂಡತಿ. ಪಾಲಿಸಿಯ ಮೇಲೆ ವಯಸ್ಸು ಒಪ್ಪಲಾಗಿದೆ ಎಂಬ ನಮೂದು ಇದೆಯೇ ಎಂದು ಬದುಕಿರುವಾಗಲೇ ನೋಡಿಕೊಳ್ಳಬೇಕೆನ್ನುವುದು ಇದಕ್ಕಾಗಿ.

1985ರಲ್ಲಿ ಪಡಿತರ ಚೀಟಿಗೆ ಮನೆಯವರ ವಯಸ್ಸು ಬರೆಸುವಾಗ ಮೂವತ್ತು ಎಂದ, ನಿಜದಲ್ಲಿ ಮೂವತ್ತೇಳರ ಹತ್ತಿರವಿದ್ದ. 1990ರ ದಶಕದಲ್ಲಿ ಚುನಾವಣಾ ಆಯೋಗ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡತೊಡಗಿತು. ಆ ಕಾಲದ ಚೀಟಿಗಳಲ್ಲಿ ಹುಟ್ಟಿದ ತಾರೀಖಿನ ಬದಲು ಆ ವರ್ಷದ ಜನವರಿ ಒಂದಕ್ಕೆ ಎಷ್ಟು ವಯಸ್ಸು ಎಂದು ಅಚ್ಚಾಗಿರುತ್ತಿತ್ತು. ಇವನ ಚೀಟಿಯಲ್ಲಿ 1-1-1995ಕ್ಕೆ 39 ಎಂದು ಬಂತು. ನಿಜದ ವಯಸ್ಸು 46. ಮತದಾರರ ಪಟ್ಟಿಗೆ ತಿಳಿದೂ ಸುಳ್ಳು ವಿವರ ಕೊಡುವುದು 1950ರ ಪ್ರಜಾಪ್ರಾತಿನಿಧ್ಯ ಕಾನೂನಿನಡಿ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಮನೆಬಾಗಿಲಿಗೆ ಬಂದು ಪಟ್ಟಿ ಬರೆದುಕೊಳ್ಳುವವರು ಹದಿನೆಂಟು ತುಂಬಿದೆಯೇ ಎಂಬುದನ್ನು ನೋಡುತ್ತಾರೆಯೇ ಹೊರತು ನಲವತ್ತೋ ನಲವತ್ತಾರೋ ಎಂದು ವಿಚಾರಿಸುತ್ತ ಕೂರುವುದಿಲ್ಲ.

ಈ ಹದಿನೈದು ವರ್ಷಗಳಲ್ಲಿ ಕಡಿತದ ಕಾರಣಗಳೂ ಬದಲಾದವು. ಕಾರ್ಖಾನೆಯಲ್ಲಿ ಹೊಟ್ಟೆಪಾಡು, ವಿಮೆಯಲ್ಲಿ ಕಂತಿನ ಉಳಿತಾಯ, ಪಡಿತರ ಚೀಟಿಯ ಹೊತ್ತಿಗೆ ಬರೀ ರೂಢಿ. 1955ರಲ್ಲಿ ಹುಟ್ಟಿದ ಹೆಂಡತಿಯ ಮುಂದೆ ತಾನು ತೀರ ದೊಡ್ಡವನೆಂದು ಕಾಣದಿರಲಿ ಎಂಬ ಆಸೆಯೂ ಅದಕ್ಕೆ ಸೇರಿತ್ತು. ಲಾಭವಿಲ್ಲದ ಕಡೆಯೂ ಸುಳ್ಳು ಮುಂದುವರಿಯುವುದು ಇಂಥವರ ಕಾಗದಗಳಲ್ಲಿ ಸಾಮಾನ್ಯ. ಹಿಂದಿನ ಕಡಿತವನ್ನು ಮುಚ್ಚಿಡಲು ಮುಂದಿನದನ್ನು ಅದಕ್ಕೆ ಸರಿಹೊಂದಿಸಬೇಕಾಗುತ್ತದೆ.

ಸರ್ಕಾರಿ ಕಡತದಲ್ಲಿ ಇದು ಏಕೆ ಸಾಗದು

ಇದೇ ಮನುಷ್ಯ ರಾಜ್ಯ ಸರ್ಕಾರದ ನೌಕರನಾಗಿದ್ದರೆ ಕಥೆ 1970ರಲ್ಲೇ ನಿಲ್ಲುತ್ತಿತ್ತು. ಕರ್ನಾಟಕದಲ್ಲಿ ಇದಕ್ಕೆಂದೇ 1974ರ ರಾಜ್ಯ ನೌಕರರ ವಯಸ್ಸು ನಿರ್ಣಯ ಕಾನೂನು ಇದೆ. ಸೇವಾ ಪುಸ್ತಕದಲ್ಲಿ ಒಮ್ಮೆ ಜನ್ಮದಿನಾಂಕ ಒಪ್ಪಿ ದಾಖಲಾದ ಮೇಲೆ ನೌಕರನಿಗೆ ಅನುಕೂಲವಾಗುವಂತೆ ಅದನ್ನು ಬದಲಿಸಬೇಕಾದರೆ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಈ ಮಿತಿ ಐದು ವರ್ಷ.

ಇಷ್ಟು ಬಿಗಿ ಏಕೆಂದರೆ ಒಬ್ಬರ ನಿವೃತ್ತಿ ಒಂದು ವರ್ಷ ಮುಂದೆ ಹೋದರೆ ಅವರ ಕೆಳಗಿನವರ ಬಡ್ತಿ ಒಂದು ವರ್ಷ ತಡವಾಗುತ್ತದೆ, ಅವರ ಕೆಳಗಿನವರದೂ ಹಾಗೆಯೇ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ನಿವೃತ್ತಿ ಹತ್ತಿರವಾದಾಗ ಹೊಸ ತಾರೀಖು ತರುವವರ ಅರ್ಜಿಗಳು ನ್ಯಾಯಾಲಯಗಳಿಗೆ ಹೊಸದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕರ್ನಾಟಕದ ಒಂದು ಪ್ರಕರಣವೇ ಉದಾಹರಣೆ. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ಸಂಸ್ಥೆಯ ನೌಕರರೊಬ್ಬರ ಜನ್ಮದಿನಾಂಕ ದಾಖಲೆಯಲ್ಲಿ 1960ರ ಜನವರಿ ಎಂದಿತ್ತು. ಅದು 1961ರ ಜನವರಿ ಆಗಬೇಕೆಂದು ಅವರು ಕೇಳಿದ್ದರು. ಸೇವೆಗೆ ಸೇರಿ ಎರಡು ದಶಕಕ್ಕೂ ಹೆಚ್ಚು ಕಾಲದ ನಂತರ ಬಂದ ಆ ಕೋರಿಕೆಯನ್ನು ಹೈಕೋರ್ಟ್ ಒಪ್ಪಿತ್ತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜನ್ಮದಿನಾಂಕದ ತಿದ್ದುಪಡಿಯನ್ನು ಹಕ್ಕೆಂದು ಕೇಳುವಂತಿಲ್ಲ, ಸಾಕ್ಷ್ಯ ಗಟ್ಟಿಯಾಗಿದ್ದರೂ ವಿಳಂಬವೊಂದೇ ಕಾರಣಕ್ಕೆ ನಿರಾಕರಿಸಬಹುದು ಎಂದಿತು.

ಒಬ್ಬರ ವಯಸ್ಸಿನ ಎರಡು ದಾಖಲೆಗಳು ಒಂದೇ ಇಲಾಖೆಯೊಳಗೆ ದಶಕಗಳ ಕಾಲ ಅಕ್ಕಪಕ್ಕ ಉಳಿಯಬಹುದು ಎಂಬುದಕ್ಕೆ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ ಹೆಸರಾಗಿದೆ. ಅವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹಾಕಿದ ಅರ್ಜಿಯಲ್ಲಿ 10-5-1950 ಎಂದಿತ್ತು, ಮೆಟ್ರಿಕ್ ಪ್ರಮಾಣಪತ್ರದಲ್ಲಿ 10-5-1951. ಸೇನೆಯ ಒಂದು ಶಾಖೆ ಮೊದಲನೆಯದನ್ನೂ ಇನ್ನೊಂದು ಶಾಖೆ ಎರಡನೆಯದನ್ನೂ ಇಟ್ಟುಕೊಂಡಿದ್ದವು. ಅವರು ಭೂಸೇನೆಯ ಮುಖ್ಯಸ್ಥರಾದ ಮೇಲೆ ಇದು ದೇಶದ ಸುದ್ದಿಯಾಯಿತು, ಏಕೆಂದರೆ ನಿವೃತ್ತಿಯ ದಿನ ಇದರ ಮೇಲೆ ನಿಂತಿತ್ತು. 1951ನ್ನು ಒಪ್ಪಬೇಕೆಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1950ನ್ನು ಅವರೇ ಹಿಂದೆ ಪತ್ರಗಳಲ್ಲಿ ಒಪ್ಪಿಕೊಂಡಿದ್ದ ಸಂಗತಿಯನ್ನು ನ್ಯಾಯಾಲಯ ಎತ್ತಿದಾಗ, 2012ರ ಫೆಬ್ರುವರಿ 10ರಂದು ಅರ್ಜಿಯನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಮೇ ಕೊನೆಗೆ ನಿವೃತ್ತರಾದರು. ಅವರ ವಿಷಯದಲ್ಲಿ ವಯಸ್ಸು ಕಡಿಮೆ ಹೇಳಿಕೊಂಡ ಆರೋಪ ಸಾಬೀತಾದದ್ದಿಲ್ಲ. ಮೊದಲ ಅರ್ಜಿಯ ಒಂದು ಸಾಲು ನಲವತ್ತು ವರ್ಷಗಳ ನಂತರವೂ ಬಿಡುವುದಿಲ್ಲ ಎಂಬುದನ್ನು ಆ ಪ್ರಕರಣ ತೋರಿಸಿತು.

ಕೊನೆಯ ಕಡಿತ: ಆಧಾರ್

ನಮ್ಮ ಕಲ್ಪಿತ ಮನುಷ್ಯ ಕಾರ್ಖಾನೆಯ ನಿಯಮದಂತೆ 58 ತುಂಬಿದಾಗ, 2010ರ ಮಾರ್ಚ್‌ನಲ್ಲಿ ನಿವೃತ್ತನಾದ. ನಿಜದ ಲೆಕ್ಕದಲ್ಲಿ ಅವನಿಗೆ 2006ರ ಜುಲೈಗೇ 58 ತುಂಬಿತ್ತು. ನಡುವಿನ ಮೂರು ವರ್ಷ ಎಂಟು ತಿಂಗಳ ಸಂಬಳ ಅವನ ಸುಳ್ಳಿನಿಂದ ಸಿಕ್ಕ ದೊಡ್ಡ ಲಾಭ. ಮರುವರ್ಷ ಒಂದು ಭದ್ರತಾ ಏಜೆನ್ಸಿಯಲ್ಲಿ ಕಾವಲು ಕೆಲಸ ಕೇಳಿದಾಗ 55 ದಾಟಿದವರು ಬೇಡ ಎಂದರು. ಆಗ ಆಧಾರ್ ನೋಂದಣಿ ನಡೆಯುತ್ತಿತ್ತು. ಅವನು ಮತದಾರರ ಚೀಟಿ ಹಿಡಿದುಕೊಂಡು ಹೋಗಿ 55 ಎಂದ.

ತಾರೀಖಿನ ಪುರಾವೆ ಇಲ್ಲದವರಿಗೆ ಆಧಾರ್ ವ್ಯವಸ್ಥೆ ಹೇಳಿದ ವಯಸ್ಸಿನಿಂದ ಹುಟ್ಟಿದ ವರ್ಷವನ್ನು ಲೆಕ್ಕಹಾಕಿ, ದಿನವನ್ನು ಜನವರಿ ಒಂದು ಎಂದು ಇಟ್ಟುಕೊಳ್ಳುತ್ತದೆ. ಹೀಗೆ 2011ರಲ್ಲಿ ಅವನ ಜನ್ಮದಿನಾಂಕ 01-01-1956 ಆಯಿತು. ಇಲ್ಲಿಯವರೆಗೆ ಬರೀ ವಯಸ್ಸಾಗಿ ತೇಲಾಡುತ್ತಿದ್ದ ಸುಳ್ಳು ಮೊದಲ ಸಲ ತಾರೀಖಾಗಿ, ಬೆರಳಚ್ಚಿನ ಜೊತೆಗೆ ದಾಖಲಾಯಿತು. ನಿಜದಿಂದ ಅದು ಏಳೂವರೆ ವರ್ಷ ಈಚೆಗೆ ಬಂದಿತ್ತು.

ಅಲ್ಲಿಗೆ ಒಬ್ಬನೇ ಮನುಷ್ಯನಿಗೆ ಐದು ಹುಟ್ಟುಗಳಾದವು: ತಾಯಿಯ ನೆನಪಿನಲ್ಲಿ 1948, ಶಾಲೆಯಲ್ಲಿ 1949, ಕಾರ್ಖಾನೆ ಮತ್ತು ಭವಿಷ್ಯ ನಿಧಿಯಲ್ಲಿ 1952, ವಿಮೆಯಲ್ಲಿ 1954, ಆಧಾರ್‌ನಲ್ಲಿ 1956. ಒಂದೊಂದೂ ತನ್ನ ಕಚೇರಿಯೊಳಗೆ ಇರುವಷ್ಟು ಕಾಲ ನಡೆಯಿತು. ತೊಡಕು ಬಂದದ್ದು ಅವನ್ನು ಒಂದೇ ಮೇಜಿನ ಮೇಲೆ ಇಡಬೇಕಾಗಿ ಬಂದಾಗ.

ಪತ್ತೆಯಾಗುವ ಬಗೆ

ಇಂಥ ಸುಳ್ಳು ಹಿಡಿಯಲು ವಿಶೇಷ ತನಿಖೆ ಬೇಕಿಲ್ಲ, ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಕೂಡಿ ಕಳೆದರೆ ಸಾಕು. 1956ರಲ್ಲಿ ಹುಟ್ಟಿದವನು 1962ರಲ್ಲಿ ಏಳನೇ ತರಗತಿ ಮುಗಿಸಿರಬೇಕಾದರೆ ಆಗ ಅವನಿಗೆ ಆರು ವರ್ಷ. 1970ರಲ್ಲಿ ಕಾರ್ಖಾನೆ ಸೇರುವಾಗ ಹದಿನಾಲ್ಕು. ಎರಡೂ ಆಗುವ ಮಾತಲ್ಲ. ಹಾಗೆಯೇ ಜೂನ್ ಒಂದು, ಜನವರಿ ಒಂದು ಎಂಬ ತಾರೀಖುಗಳು ಕಂಡರೆ ಅದು ಅಂದಾಜಿನ ನಮೂದಿರಬಹುದು ಎಂದು ಅನುಭವಿ ಗುಮಾಸ್ತರಿಗೆ ಹೊಳೆಯುತ್ತದೆ. ಅಂದಾಜು ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ, ಅದರ ಹಿಂದಿನ ಮೂಲ ಕೇಳಬೇಕು ಎಂದಷ್ಟೇ.

ಎರಡನೆಯ ಪರೀಕ್ಷೆ ವಂಶವೃಕ್ಷ. ಜಮೀನಿನ ಪೌತಿ ಖಾತೆಗೋ ಪಾಲಿಗೋ ಗ್ರಾಮ ಆಡಳಿತಾಧಿಕಾರಿಯ ಮುಂದೆ ವಂಶವೃಕ್ಷ ಬರೆಸುವಾಗ ಮನೆಯವರೆಲ್ಲರ ವಯಸ್ಸು ಒಂದೇ ಹಾಳೆಯಲ್ಲಿ ಬರುತ್ತದೆ. ಇವನ ತಮ್ಮ ಎಸ್‌ಎಸ್‌ಎಲ್‌ಸಿ ಮುಗಿಸಿದವನು, ಅವನ ಅಂಕಪಟ್ಟಿಯಲ್ಲಿ 1951 ಇದೆ ಎಂದುಕೊಳ್ಳಿ. ಆಧಾರ್ ನೋಡಿ ಬರೆದರೆ ಅಣ್ಣ ತಮ್ಮನಿಗಿಂತ ಐದು ವರ್ಷ ಚಿಕ್ಕವನು, ಹೆಂಡತಿಗಿಂತ ಒಂದು ವರ್ಷ ಚಿಕ್ಕವನು. ಒಬ್ಬನ ಕಾಗದವನ್ನು ತಿದ್ದಬಹುದು, ಒಡಹುಟ್ಟಿದವರ ಕಾಗದಗಳನ್ನೆಲ್ಲ ಅದಕ್ಕೆ ಹೊಂದಿಸಲಾಗದು.

ವೈದ್ಯರ ಪರೀಕ್ಷೆಯಿಂದ ತೀರ್ಮಾನವಾಗಬಹುದು ಎಂದು ಕೆಲವರು ನಂಬುತ್ತಾರೆ. ಮೂಳೆಗಳು ಕೂಡಿಕೊಳ್ಳುವುದನ್ನು ಎಕ್ಸ್‌ರೇಯಲ್ಲಿ ನೋಡಿ ವಯಸ್ಸು ಅಂದಾಜಿಸುವ ವಿಧಾನ ಇದೆ. ಅದು ಉಪಯೋಗಕ್ಕೆ ಬರುವುದು ಮೂಳೆ ಇನ್ನೂ ಬೆಳೆಯುತ್ತಿರುವ ಹರೆಯದವರಲ್ಲಿ. ಅವರಲ್ಲೂ ಎರಡು ವರ್ಷ ಆಚೆ ಅಥವಾ ಈಚೆ ಇರಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಗಮನಿಸಿದೆ. ಅರವತ್ತು ದಾಟಿದವನು 1948ರವನೋ 1956ರವನೋ ಎಂದು ಖಚಿತವಾಗಿ ಹೇಳಲು ಈ ಪರೀಕ್ಷೆಯಿಂದ ಆಗದು.

ಬೆಲೆ ತೆತ್ತ ವರ್ಷಗಳು

ಮುಪ್ಪಿನಲ್ಲಿ ಲೆಕ್ಕ ತಿರುಗಿತು. ಚಿಕ್ಕವನಾಗಿದ್ದಷ್ಟೂ ಅನುಕೂಲ ಎಂಬ ಕಾಲ ಮುಗಿದು, ದೊಡ್ಡವನೆಂದು ತೋರಿಸಬೇಕಾದ ಕಾಲ ಬಂತು. ಹಿರಿಯ ನಾಗರಿಕರಿಗೆ ಸಾರಿಗೆ ಬಸ್ಸಿನಲ್ಲಿ ಸಿಗುವ ರಿಯಾಯಿತಿ 60ಕ್ಕೆ ಶುರು. ಅವನಿಗೆ 60 ತುಂಬಿದ್ದು 2008ರಲ್ಲಿ, ಆಧಾರ್ ಅದನ್ನು ಒಪ್ಪಿದ್ದು 2016ರಲ್ಲಿ.

ಇದಕ್ಕಿಂತ ದೊಡ್ಡ ನಷ್ಟ ಆಸ್ಪತ್ರೆಯದು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ನೋಡದೆ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಸೇರಿದೆ. ಎಪ್ಪತ್ತು ದಾಟಿದೆಯೇ ಎಂಬುದನ್ನು ಆಧಾರ್‌ನಲ್ಲಿರುವ ವಯಸ್ಸಿನಿಂದಲೇ ತೀರ್ಮಾನಿಸುತ್ತಾರೆ. ಅಂದು ಇವನ ನಿಜದ ವಯಸ್ಸು 76, ಆಧಾರ್‌ನಲ್ಲಿ 68. ಯೋಜನೆ ಜಾರಿಯಲ್ಲಿರುವ ಕಡೆಯೂ ಅವನ ಹೆಸರು ಸೇರಲು 2026ರ ಜನವರಿವರೆಗೆ ಕಾಯಬೇಕು. ಕಾರ್ಖಾನೆಯ ಸಂಬಳದಲ್ಲಿ ಗಳಿಸಿದ ವರ್ಷಗಳನ್ನು ಕಾಯಿಲೆ ಬೀಳುವ ವಯಸ್ಸಿನಲ್ಲಿ ಹಿಂತಿರುಗಿಸಿದಂತಾಯಿತು.

ಅವನು ಈ ಸ್ಥಿತಿಯಲ್ಲೇ ತೀರಿಕೊಂಡರೆ ಮರಣ ನೋಂದಣಿಯಲ್ಲಿ ವಯಸ್ಸು ಬರುವುದು ಮನೆಯವರು ಕೊಡುವ ಕಾಗದದಿಂದ, ಸಾಮಾನ್ಯವಾಗಿ ಆಧಾರ್‌ನಿಂದ. ಹೆಂಡತಿ ಭವಿಷ್ಯ ನಿಧಿಯ ಕುಟುಂಬ ಪಿಂಚಣಿ ಕೇಳಲು ಹೋದಾಗ ಅಲ್ಲಿನ ಕಡತದಲ್ಲಿ 1952, ಮರಣ ಪ್ರಮಾಣಪತ್ರದ ಲೆಕ್ಕದಲ್ಲಿ 1956. ಇಬ್ಬರೂ ಒಬ್ಬನೇ ಎಂದು ತೋರಿಸುವ ಹೊಣೆ ಅವಳ ಮೇಲೆ ಬೀಳುತ್ತದೆ. ಗಂಡ ಯಾವ ವರ್ಷ ಎಲ್ಲಿ ಏನು ಬರೆಸಿದನೆಂಬುದು ಅವಳಿಗೆ ಗೊತ್ತೇ ಇರುವುದಿಲ್ಲ.

ಆಧಾರ್ ತೋರಿಸಿದರೆ ಸಾಕು ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಭವಿಷ್ಯ ನಿಧಿ ಸಂಸ್ಥೆ 2024ರ ಜನವರಿಯಲ್ಲಿ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಅನ್ನು ಕೈಬಿಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೃತನ ವಯಸ್ಸಿಗೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ನೆಚ್ಚಿಕೊಂಡಿತು. ಆಧಾರ್ ಗುರುತು ಹೇಳುತ್ತದೆ, ಹುಟ್ಟಿದ ದಿನವನ್ನು ಸಾಬೀತು ಮಾಡುವುದಿಲ್ಲ ಎಂಬುದು ಇವೆರಡರ ತಿರುಳು.

ತಿದ್ದುವ ದಾರಿ

ಬದುಕಿರುವಾಗಲೇ ತಿದ್ದಿಕೊಳ್ಳಬೇಕಾದರೆ ಹಿಂದಕ್ಕೆ ನಡೆದು ಅತ್ಯಂತ ಹಳೆಯ ಕಾಗದವನ್ನು ಹಿಡಿಯಬೇಕು. ಈ ಮನುಷ್ಯನಿಗೆ ಅದು ಶಾಲೆಯ ದಾಖಲಾತಿ ವಹಿ. ಮುಖ್ಯೋಪಾಧ್ಯಾಯರಿಂದ ಆ ಪುಟದ ದೃಢೀಕೃತ ನಕಲು ತೆಗೆಸಬೇಕು. ಕ್ರಮಸಂಖ್ಯೆ ಮುರಿಯದೆ ಬಂದಿರುವ, ತಿದ್ದುಪಡಿಯಿಲ್ಲದ ಸಾಲು ಗಟ್ಟಿ ಸಾಕ್ಷ್ಯ. ಮುಂದಿನ ಹಂತ ಜನನದ ವಿಳಂಬ ನೋಂದಣಿ. ಹುಟ್ಟಿದ ವರ್ಷದ ವಹಿಯಲ್ಲಿ ಹೆಸರಿಲ್ಲ ಎಂಬ ಅಲಭ್ಯತಾ ಪತ್ರ ಪಡೆದು, ಪ್ರಮಾಣಪತ್ರ ಮತ್ತು ಶಾಲೆಯ ನಕಲಿನೊಂದಿಗೆ ಮ್ಯಾಜಿಸ್ಟ್ರೇಟರ ಆದೇಶ ಕೋರಬೇಕು. ಒಂದು ವರ್ಷ ಮೀರಿದ ಜನನಗಳಿಗೆ ಈ ಆದೇಶ ಕೊಡುವ ಅಧಿಕಾರ 2023ರ ತಿದ್ದುಪಡಿಯ ನಂತರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಜನನ ಪ್ರಮಾಣಪತ್ರ ಸಿಕ್ಕ ಮೇಲೆ ಆಧಾರ್, ಅನಂತರ ಉಳಿದವು. ಆಧಾರ್‌ನಲ್ಲಿ ಜನ್ಮದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಗಟ್ಟಿ ಪುರಾವೆ ಕೈಗೆ ಬರುವ ಮುಂಚೆ ಆ ಅವಕಾಶವನ್ನು ಅಂದಾಜಿನ ತಾರೀಖಿಗೆ ಕಳೆದುಕೊಂಡರೆ ಮತ್ತೆ ಬಾಗಿಲು ತೆರೆಸುವುದು ಕಷ್ಟ.

ಇಷ್ಟೆಲ್ಲ ಮಾಡಿದರೂ ಅವನ ಕಾಗದಗಳು ತಲುಪುವುದು 1949ರ ಜೂನ್ ಒಂದಕ್ಕೆ. ಮೇಷ್ಟರು ಕಳೆದ ಹನ್ನೊಂದು ತಿಂಗಳು ಮರಳಿ ಬರುವುದಿಲ್ಲ, ಏಕೆಂದರೆ ತಾಯಿಯ ನೆನಪಿಗೆ ಬೇರೆ ಸಾಕ್ಷಿಯಿಲ್ಲ. ಕಾರ್ಖಾನೆಯ 1952 ಕೂಡ ಹಾಗೆಯೇ ಉಳಿಯುತ್ತದೆ, ನಿವೃತ್ತಿಯಾದ ಮೇಲೆ ಆ ಕಡತವನ್ನು ತಿದ್ದಿಸುವ ದಾರಿ ಇಕ್ಕಟ್ಟಿನದು, ತಿದ್ದಿಸಲು ಹೊರಟರೆ ಹೆಚ್ಚುವರಿ ದುಡಿದ ವರ್ಷಗಳ ಪ್ರಶ್ನೆಯೂ ಏಳುತ್ತದೆ.

ಈ ಬಗೆಯ ಕಥೆಗೆ ಕಾನೂನು ಈಗ ಒಂದು ಗಡಿ ಹಾಕಿದೆ. ಜನನ ಮರಣ ನೋಂದಣಿ ಕಾನೂನಿನ 2023ರ ತಿದ್ದುಪಡಿಯಂತೆ ಆ ವರ್ಷದ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಪಾಸ್‌ಪೋರ್ಟಿಗೆ, ಆಧಾರ್‌ಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ. ಅವರ ಮಟ್ಟಿಗೆ ಎಲ್ಲ ಅರ್ಜಿಗಳೂ ಒಂದೇ ಕಾಗದಕ್ಕೆ ಕಟ್ಟುಬಿದ್ದಿವೆ. ಅದಕ್ಕೆ ಮುಂಚೆ ಹುಟ್ಟಿದವರಿಗೆ ಹಳೆಯ ವ್ಯವಸ್ಥೆಯೇ ಮುಂದುವರಿದಿದೆ. ಅವರ ವಯಸ್ಸಿನ ಪ್ರಶ್ನೆ ಎದ್ದಾಗಲೆಲ್ಲ, ಇರುವ ಕಾಗದಗಳಲ್ಲಿ ಯಾವುದು ಹಳೆಯದು ಮತ್ತು ಅದನ್ನು ಯಾರು ಹೇಳಿ ಬರೆಸಿದರು ಎಂಬೆರಡನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.